ಮಗುವಿನ ಶಾಲಾ ಖಾತೆ ತೆರೆಯುವುದು ಹೇಗೆ, ಮೊದಲ ವಾರ ಲಾಗಿನ್ ಆಗದಿದ್ದರೆ ಏನು ಮಾಡಬೇಕು

ಪ್ರಿಯ ಪಾಲಕರೇ,

ಈ ವಾರ ನಿಮ್ಮ ಮಗು ಶಾಲೆಯಿಂದ ಒಂದು ಸಣ್ಣ ಚೀಟಿ ತರುತ್ತದೆ. ಅದರಲ್ಲಿ ಮೂರೇ ಸಾಲು ಇರುತ್ತವೆ. ಮೊದಲನೆಯದು ಮಗುವಿನ ಶಾಲಾ ಇಮೇಲ್ ವಿಳಾಸ, ಎರಡನೆಯದು ತಾತ್ಕಾಲಿಕ ಪಾಸ್‌ವರ್ಡ್, ಮೂರನೆಯದು ತರಗತಿಯ ಕೋಡ್. ಗೂಗಲ್ ಕ್ಲಾಸ್‌ರೂಮ್ ಆಪ್‌ನಲ್ಲಿ ಮಗುವಿನ ಪಾಠ, ಹೋಂವರ್ಕ್ ಎಲ್ಲ ತೆರೆಯಲು ಇಷ್ಟು ಸಾಕು. ಚೀಟಿಯನ್ನು ದಯವಿಟ್ಟು ಎಸೆಯಬೇಡಿ. ವರ್ಷವಿಡೀ ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಈ ಖಾತೆಗಳನ್ನು ಮಾಡಿಕೊಡುವುದು, ತೊಂದರೆ ಬಂದಾಗ ಸರಿ ಮಾಡುವುದು ಶಾಲೆಯಲ್ಲಿ ನನ್ನ ಕೆಲಸ. ಪ್ರತಿ ವರ್ಷ ಮೊದಲ ವಾರ ಬರುವ ಫೋನುಗಳು ಹೆಚ್ಚಾಗಿ ಎರಡೇ ಮಾತಿನಿಂದ ಶುರುವಾಗುತ್ತವೆ. ‘ಪಾಸ್‌ವರ್ಡ್ ತಪ್ಪು ಅಂತ ಬರ್ತಿದೆ’ ಅಥವಾ ‘ತರಗತಿಯೇ ಕಾಣ್ತಿಲ್ಲ’. ವಿಚಾರಿಸುತ್ತಾ ಹೋದರೆ ಬಹಳ ಸಲ ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ಫೋನು ಬೇರೆ ಯಾರದೋ ಖಾತೆಯಲ್ಲಿ ತೆರೆದುಕೊಂಡಿರುತ್ತದೆ, ಅಷ್ಟೆ. ಹಾಗಾಗಿ ಈ ಸೂಚನೆಯಲ್ಲಿ ಆ ಒಂದು ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶಾಲಾ ಖಾತೆ ನಿಮ್ಮ ಜಿಮೇಲ್‌ಗಿಂತ ಬೇರೆ

ಉದಾಹರಣೆಗೆ, ಚೀಟಿಯಲ್ಲಿ ಹೀಗೆ ಬರೆದಿದೆ ಎಂದುಕೊಳ್ಳಿ:

```
ananya.6b@school.example
Nadi4O7l
```

ಮೊದಲ ಸಾಲಿನಲ್ಲಿ @ ಗುರುತಿನ ನಂತರ ಏನಿದೆ ನೋಡಿ. ಅಲ್ಲಿ `gmail.com` ಇಲ್ಲ. ಶಾಲೆಯದೇ ಹೆಸರು ಇದೆ. ಇದು ಗೂಗಲ್ ಖಾತೆಯೇ, ಆದರೆ ಇದನ್ನು ನಡೆಸುವುದು ಶಾಲೆ. ಪಾಸ್‌ವರ್ಡ್ ಮರೆತರೆ ಬದಲಿಸಿ ಕೊಡುವುದೂ ಶಾಲೆಯೇ.

ನಮ್ಮ ಬೆರಳಿಗೆ `@gmail.com` ಎಂದು ಬರೆದೇ ಅಭ್ಯಾಸ. ಹಾಗೆ ಬರೆದರೆ ಎರಡರಲ್ಲಿ ಒಂದು ಆಗುತ್ತದೆ. ಆ ಹೆಸರಿನ ಜಿಮೇಲ್ ಜಗತ್ತಿನಲ್ಲಿ ಯಾರಿಗೂ ಇಲ್ಲದಿದ್ದರೆ `Couldn't find your Google Account` ಎಂಬ ಸಾಲು ಬರುತ್ತದೆ. ಇದು ಒಳ್ಳೆಯದೇ, ವಿಳಾಸ ತಪ್ಪಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಆದರೆ ಅದೇ ಹೆಸರಿನ ಜಿಮೇಲ್ ಯಾರೋ ಗೊತ್ತಿಲ್ಲದವರ ಬಳಿ ಇದ್ದರೆ ಗೂಗಲ್ ನಿಮ್ಮನ್ನು ಮುಂದಕ್ಕೆ ಬಿಡುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ನೀವು ಚೀಟಿಯ ಪಾಸ್‌ವರ್ಡ್ ಹಾಕುತ್ತೀರಿ. `Wrong password` ಎಂದು ಬರುತ್ತದೆ. ಮತ್ತೆ ಹಾಕುತ್ತೀರಿ, ಮತ್ತೆ ಅದೇ. ಅಷ್ಟು ಹೊತ್ತೂ ನೀವು ಬೇರೆಯವರ ಮನೆ ಬಾಗಿಲಿಗೆ ನಿಮ್ಮ ಬೀಗದ ಕೈ ಹಾಕುತ್ತಿರುತ್ತೀರಿ! ಆದ್ದರಿಂದ ‘ಪಾಸ್‌ವರ್ಡ್ ತಪ್ಪು’ ಎಂದು ಬಂದಾಗ ಪಾಸ್‌ವರ್ಡ್ ನೋಡುವ ಮೊದಲು, ಅದೇ ಪರದೆಯ ಮೇಲ್ಭಾಗದಲ್ಲಿ ಕಾಣುವ ವಿಳಾಸವನ್ನು ಚೀಟಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಇನ್ನೊಂದು ಮಾತು. ಲಾಗಿನ್ ಆಗಲಿಲ್ಲ ಎಂದು `Create account` ಒತ್ತಬೇಡಿ. ಹಾಗೆ ಮಾಡಿದರೆ ಮಗುವಿನ ಹೆಸರಿನಲ್ಲಿ ಹೊಸದೊಂದು ಖಾಸಗಿ ಖಾತೆ ಹುಟ್ಟುತ್ತದೆ. ಅದಕ್ಕೂ ಶಾಲೆಗೂ ಸಂಬಂಧವಿಲ್ಲ. ಮಗುವಿನ ಶಾಲಾ ಖಾತೆಯನ್ನು ನಾವು ಆಗಲೇ ಮಾಡಿಟ್ಟಿದ್ದೇವೆ. ನೀವು ಮಾಡಬೇಕಾದ್ದು ಅದರೊಳಗೆ ಹೋಗುವುದು ಮಾತ್ರ.

ಮೊದಲ ಸಲ ಒಳಗೆ ಹೋಗುವುದು

ಇದಕ್ಕೆ ಸ್ವಲ್ಪ ಬಿಡುವಿರುವ ಹೊತ್ತು ಆರಿಸಿಕೊಳ್ಳಿ. ಮಗು ಪಕ್ಕದಲ್ಲೇ ಇರಲಿ, ಹೊಸ ಪಾಸ್‌ವರ್ಡ್ ಅದಕ್ಕೂ ನೆನಪಿರಬೇಕಲ್ವಾ.

ಮೊದಲು ಫೋನಿನ ದಿನಾಂಕ ಮತ್ತು ಸಮಯ ಸರಿ ಇದೆಯಾ ನೋಡಿ. ಹಳೆಯ ಫೋನನ್ನು ಮಗುವಿಗೆಂದು ಪೆಟ್ಟಿಗೆಯಿಂದ ತೆಗೆದಾಗ ಅದರ ಗಡಿಯಾರ ಎಲ್ಲೋ ಹಿಂದೆ ನಿಂತಿರುತ್ತದೆ. ಆಗ ಕ್ರೋಮ್‌ನಲ್ಲಿ `Your clock is behind` ಎಂಬ ಎಚ್ಚರಿಕೆ ಬರಬಹುದು, ಆಪ್ ಸುಮ್ನೆ ತಿರುಗುತ್ತಾ ನಿಂತುಬಿಡಬಹುದು. ಪ್ರತಿ ಜಾಲತಾಣಕ್ಕೂ ತಾನು ಅಸಲಿ ಎಂದು ತೋರಿಸುವ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಫೋನಿನ ದಿನಾಂಕ ಆ ಅವಧಿಯಿಂದ ಹೊರಗಿದ್ದರೆ ಫೋನು ಅದನ್ನು ನಂಬುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಮಾಡಿದರೆ ಇದು ಮುಗಿಯಿತು.

ಈಗ ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನಿಂದ ಗೂಗಲ್ ಕ್ಲಾಸ್‌ರೂಮ್ ಆಪ್ ಹಾಕಿಕೊಂಡು ತೆರೆಯಿರಿ. ಫೋನಿನಲ್ಲಿ ಆಗಲೇ ಇರುವ ಖಾತೆಗಳನ್ನು ಆಪ್ ತೋರಿಸುತ್ತದೆ. ಅಲ್ಲಿ ನಿಮ್ಮ ಜಿಮೇಲ್ ಕಾಣುತ್ತದೆ. ಅದನ್ನು ಒತ್ತಬೇಡಿ. ಖಾತೆ ಸೇರಿಸುವ ಆಯ್ಕೆ ಒತ್ತಿ, ಚೀಟಿಯಲ್ಲಿರುವ ಶಾಲಾ ವಿಳಾಸವನ್ನು ಪೂರ್ತಿಯಾಗಿ ಬರೆಯಿರಿ. ಆಮೇಲೆ ಪಾಸ್‌ವರ್ಡ್.

ಪಾಸ್‌ವರ್ಡ್ ಬರೆಯುವಾಗ ಪಕ್ಕದಲ್ಲಿರುವ ಕಣ್ಣಿನ ಗುರುತನ್ನೋ `Show password` ಎಂಬುದನ್ನೋ ಒತ್ತಿ, ಬರೆದದ್ದು ಕಾಣುವಂತೆ ಮಾಡಿಕೊಳ್ಳಿ. ಚುಕ್ಕಿಗಳ ಹಿಂದೆ ಏನಾಗುತ್ತಿದೆ ಎಂದು ಊಹಿಸುವುದೇ ಬೇಡ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಮೇಲಿನ ಉದಾಹರಣೆಯ `Nadi4O7l` ನೋಡಿ. ನಾಲ್ಕರ ನಂತರ ಇರುವುದು ಸೊನ್ನೆಯಲ್ಲ, ಓ ಅಕ್ಷರ. ಕೊನೆಯದು ಒಂದು ಎಂಬ ಅಂಕಿಯಲ್ಲ, ಸಣ್ಣ ಎಲ್. ನಾವು ಚೀಟಿ ಮಾಡುವಾಗ ಇಂಥ ಅಕ್ಷರ ಬರದಂತೆ ನೋಡಿಕೊಳ್ಳುತ್ತೇವೆ, ಆದರೂ ಒಮ್ಮೊಮ್ಮೆ ನುಸುಳುತ್ತವೆ. ಅನುಮಾನ ಬಂದರೆ ಎರಡೂ ರೀತಿ ಒಂದೊಂದು ಸಲ ಹಾಕಿ ನೋಡಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ಅಂಕಿಗಳು ೪, ೭ ಎಂದು ಬೀಳಬಹುದು. ನಮಗೆ ಎರಡೂ ಒಂದೇ, ಗೂಗಲ್‌ಗೆ ಅಲ್ಲ. ಇಂಗ್ಲಿಷ್ ಕೀಬೋರ್ಡಿಗೆ ಬದಲಿಸಿಕೊಳ್ಳಿ. ಪಾಸ್‌ವರ್ಡನ್ನು ಯಾವುದಾದರೂ ಮೆಸೇಜಿನಿಂದ ಕಾಪಿ ಮಾಡಿ ಹಾಕಿದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದುಂಟು. ಕೈಯಲ್ಲೇ ಬರೆಯುವುದು ವಾಸಿ.

ಒಳಗೆ ಹೋದ ಕೂಡಲೇ ಇದು ಶಾಲೆಯ ಖಾತೆ, ಇದನ್ನು ಶಾಲೆ ನೋಡಿಕೊಳ್ಳುತ್ತದೆ ಎಂದು ತಿಳಿಸುವ ಒಂದು ಪುಟ ಬರುತ್ತದೆ. ಓದಿ ಒಪ್ಪಿಕೊಳ್ಳಿ. ಮುಂದಿನ ಪುಟದಲ್ಲಿ ಹೊಸ ಪಾಸ್‌ವರ್ಡ್ ಕೇಳುತ್ತದೆ. ಕನಿಷ್ಠ 8 ಅಕ್ಷರ ಬೇಕು. ಬರೆದ ತಕ್ಷಣ ಚೀಟಿಯಲ್ಲಿರುವ ಹಳೆಯ ಪಾಸ್‌ವರ್ಡಿನ ಮೇಲೆ ಗೀಟು ಹಾಕಿ. ಈ ಸಣ್ಣ ಕೆಲಸ ಬಿಟ್ಟವರೇ ಮೂರನೆಯ ದಿನ ಫೋನ್ ಮಾಡುತ್ತಾರೆ. ಮಗುವಿನ ಅಪ್ಪ ಸೋಮವಾರ ಪಾಸ್‌ವರ್ಡ್ ಬದಲಿಸಿರುತ್ತಾರೆ, ಅಮ್ಮ ಬುಧವಾರ ಚೀಟಿ ನೋಡಿ ಹಳೆಯದನ್ನೇ ಹಾಕುತ್ತಿರುತ್ತಾರೆ. ಇಂಥ ಹೊತ್ತಿನಲ್ಲಿ ‘ಪಾಸ್‌ವರ್ಡ್ ಇಷ್ಟು ಹೊತ್ತಿನ ಹಿಂದೆ ಬದಲಾಗಿದೆ’ ಎಂಬ ಅರ್ಥದ ಸಾಲನ್ನು ಗೂಗಲ್ ತೋರಿಸುತ್ತದೆ. ಆ ಸಾಲು ಕಂಡರೆ ಗಾಬರಿ ಬೇಡ. ನೀವು ಹಾಕಿದ್ದು ಒಂದು ಕಾಲಕ್ಕೆ ಸರಿಯಾಗಿದ್ದ ಪಾಸ್‌ವರ್ಡೇ ಎಂದು ಅರ್ಥ. ಬದಲಿಸಿದವರು ಯಾರು ಎಂದು ಮೊದಲು ಮನೆಯಲ್ಲೇ ಕೇಳಿ.

ಇನ್ನು ತರಗತಿಗೆ ಸೇರುವುದು. ಆಪ್‌ನಲ್ಲಿ `+` ಗುರುತು ಒತ್ತಿ, `Join class` ಆರಿಸಿ, ಕೋಡ್ ಹಾಕಿ. ಕೋಡಿನಲ್ಲಿ ಅಕ್ಷರ, ಅಂಕಿ ಮಾತ್ರ ಇರುತ್ತವೆ. ಖಾಲಿ ಜಾಗ, ಗೆರೆ, ಚುಕ್ಕಿ ಇರುವುದಿಲ್ಲ. ಕೋಡ್ ಹಾಕುವ ಪುಟದಲ್ಲೇ ನೀವು ಯಾವ ಖಾತೆಯಲ್ಲಿದ್ದೀರಿ ಎಂದು ಬರೆದಿರುತ್ತದೆ. `Join` ಒತ್ತುವ ಮೊದಲು ಅದನ್ನು ಓದಿ. ಇಡೀ ಸೂಚನೆಯಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ, ಅದು ಇದಾಗಲಿ.

ಲಾಗಿನ್ ಆಗಿದೆ, ಆದರೆ ತರಗತಿ ಕಾಣುತ್ತಿಲ್ಲ

ಕ್ಲಾಸ್‌ರೂಮ್ 2014ರಲ್ಲಿ ಶುರುವಾದಾಗ ಶಾಲೆ ಕೊಟ್ಟ ಖಾತೆ ಇದ್ದವರಿಗೆ ಮಾತ್ರ ಅದರೊಳಗೆ ಪ್ರವೇಶವಿತ್ತು. 2017ರಿಂದ ಸಾಮಾನ್ಯ ಜಿಮೇಲ್ ಇರುವವರೂ ಅದನ್ನು ಬಳಸಬಹುದು. ಮೊದಲ ವಾರದ ಅರ್ಧ ಗೊಂದಲದ ಬೇರು ಇಲ್ಲೇ ಇದೆ. ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಆಪ್ ತೆರೆದರೂ ಅದು ಏನೂ ತಕರಾರು ಮಾಡುವುದಿಲ್ಲ. ತಪ್ಪು ಎಂದು ಹೇಳುವುದಿಲ್ಲ. ಆರಾಮಾಗಿ ತೆರೆದುಕೊಂಡು ಖಾಲಿ ಪುಟ ತೋರಿಸುತ್ತದೆ. ನಿಮ್ಮ ಖಾತೆಯಲ್ಲಿ ತರಗತಿಯೇ ಇಲ್ಲವಲ್ಲ, ಅದು ಇನ್ನೇನು ತೋರಿಸೀತು?

ಹೋದ ವರ್ಷ ಆರನೇ ತರಗತಿಯ ಒಬ್ಬ ಹುಡುಗಿಯ ತಾಯಿಗೆ ಇದೇ ಆಯಿತು. ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಮಗಳ ಶಾಲಾ ಖಾತೆಯನ್ನು ತಮ್ಮ ಫೋನಿಗೆ ಸೇರಿಸಿದ್ದರು, ಪಾಸ್‌ವರ್ಡ್ ಬದಲಿಸಿದ್ದರು. ಅಷ್ಟರಲ್ಲಿ ಯಾರೋ ಫೋನ್ ಮಾಡಿದರು, ಆಪ್ ಮುಚ್ಚಿತು. ಸಂಜೆ ಮತ್ತೆ ತೆರೆದಾಗ ಮುಂದೆ ಇದ್ದದ್ದು ಅವರ ಸ್ವಂತ ಜಿಮೇಲ್. ಅವರು ಗಮನಿಸಲಿಲ್ಲ. ಕೋಡ್ ಹಾಕಿದರು, ಅದು ಒಪ್ಪಿಕೊಂಡಿತು. ಹೊರಗಿನ ಖಾತೆಗಳು ಸೇರದಂತೆ ಶಾಲೆಗಳು ತಡೆಯಬಹುದು. ಆ ವರ್ಷ ನಾವು ಆ ತಡೆ ಹಾಕಿರಲಿಲ್ಲ.

ಹತ್ತು ದಿನ ಎಲ್ಲವೂ ಚೆನ್ನಾಗಿ ನಡೆದಂತೆ ಕಂಡಿತು. ಹುಡುಗಿ ಫೋನಿನಲ್ಲಿ ಹೋಂವರ್ಕ್ ಕಳಿಸುತ್ತಿದ್ದಳು. ಶಿಕ್ಷಕಿಯ ಪಟ್ಟಿಯಲ್ಲಿ ಮಾತ್ರ ಅವಳ ಹೆಸರೇ ಇರಲಿಲ್ಲ. ಅದೇ ಪಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ‘ವಿದ್ಯಾರ್ಥಿನಿ’ ಮೂರು ಹೋಂವರ್ಕನ್ನೂ ಸಮಯಕ್ಕೆ ಸರಿಯಾಗಿ ಕೊಟ್ಟಿದ್ದಳು. ಆ ಹೆಸರು ತಾಯಿಯದು! ಮಗು ಶಾಲೆಯ ಕಂಪ್ಯೂಟರಿನಲ್ಲಿ ತನ್ನ ಖಾತೆ ತೆರೆದಾಗ ತಾನು ಬರೆದದ್ದು ಒಂದೂ ಇಲ್ಲ. ಅವಳು ಅತ್ತುಬಿಟ್ಟಳು. ಆ ದಿನ ನನಗೂ ಬಹಳ ಬೇಸರವಾಯಿತು. ಈ ಸೂಚನೆ ಬರೆಯಲೇಬೇಕು ಅನಿಸಿದ್ದು ಆಗಲೇ.

ಸರಿ ಮಾಡಿದ್ದು ಹೀಗೆ. ಮೊದಲು ಆಪ್‌ನ ಮೇಲೆ ಬಲಗಡೆ ಇರುವ ದುಂಡನೆಯ ಚಿತ್ರವನ್ನು ಒತ್ತಿದೆವು. ಅದರಲ್ಲಿ ಒಂದು ಅಕ್ಷರವೋ ಫೋಟೋವೋ ಇರುತ್ತದೆ. ಒತ್ತಿದರೆ ಈಗ ತೆರೆದಿರುವ ಖಾತೆಯ ಪೂರ್ತಿ ವಿಳಾಸ, ಅದರ ಕೆಳಗೆ ಫೋನಿನಲ್ಲಿರುವ ಉಳಿದ ಖಾತೆಗಳು ಕಾಣುತ್ತವೆ. ಅಲ್ಲಿಂದ ಮಗಳ ಖಾತೆಗೆ ಬಂದು, ಅದೇ ಕೋಡ್ ಹಾಕಿ ತರಗತಿಗೆ ಸೇರಿಸಿದೆವು. ಮತ್ತೆ ತಾಯಿಯ ಖಾತೆಗೆ ಹೋಗಿ, ಅವರು ಕೊಟ್ಟಿದ್ದ ಮೂರೂ ಫೈಲುಗಳನ್ನು ಫೋನಿಗೆ ಇಳಿಸಿಕೊಂಡೆವು. ಮಗಳ ಖಾತೆಯಲ್ಲಿ ಮೂರನ್ನೂ ಹೊಸದಾಗಿ ಸೇರಿಸಿ ಕಳಿಸಿದೆವು. ಎಲ್ಲ ಬಂದಿದೆ ಎಂದು ಶಿಕ್ಷಕಿ ಹೇಳಿದ ಮೇಲೆ, ತಾಯಿಯ ಖಾತೆಯಲ್ಲಿ ತರಗತಿಯ ಪಕ್ಕದ ಮೂರು ಚುಕ್ಕಿ ಒತ್ತಿ `Unenroll` ಆರಿಸಿದೆವು. ಈ ಕ್ರಮ ಮುಖ್ಯ. ಮೊದಲೇ ತರಗತಿ ಬಿಟ್ಟರೂ ಫೈಲುಗಳು ತಾಯಿಯ ಡ್ರೈವ್‌ನಲ್ಲಿ ಉಳಿಯುತ್ತವೆ, ನಿಜ. ಆದರೆ ಯಾವ ಫೈಲು ಯಾವ ಹೋಂವರ್ಕಿನದು ಎಂದು ಹುಡುಕುವುದು ಕಷ್ಟ.

ನಿಮ್ಮ ಮನೆಯಲ್ಲಿ ಹೀಗಾಗಿದೆಯಾ ಎಂದು ತಿಳಿಯಲು ಅರ್ಧ ನಿಮಿಷ ಸಾಕು. ತರಗತಿಯೊಳಗೆ ಹೋಗಿ `People` ಒತ್ತಿ, ಸಹಪಾಠಿಗಳ ಪಟ್ಟಿ ನೋಡಿ. ನಿಮ್ಮ ಸ್ವಂತ ಹೆಸರು ಅಲ್ಲೆಲ್ಲಾದರೂ ಕಂಡರೆ ಮೇಲಿನಂತೆ ಮಾಡಿ.

ಕೋಡ್ ಹಾಕಿದಾಗ ಒಳಗೆ ಬಿಡದೆ ತಪ್ಪು ತೋರಿಸಿದರೂ ಮೊದಲು ದುಂಡನೆಯ ಚಿತ್ರ ಒತ್ತಿ ಖಾತೆ ನೋಡಿ. ಈ ವರ್ಷ ಹೊರಗಿನ ಖಾತೆ ಸೇರದಂತೆ ಶಾಲೆ ತಡೆ ಹಾಕಿದೆ. ಹಾಗಾಗಿ ಸರಿಯಾದ ಕೋಡ್ ಇದ್ದರೂ ಜಿಮೇಲ್‌ನಿಂದ ಹೋದರೆ ಬಾಗಿಲು ತೆರೆಯುವುದಿಲ್ಲ. ಖಾತೆ ಸರಿ ಇದ್ದೂ ಕೋಡ್ ಒಪ್ಪದಿದ್ದರೆ, ಶಿಕ್ಷಕರು ಕೋಡ್ ಬದಲಿಸಿರಬಹುದು. ಹೊಸದನ್ನು ಅವರಲ್ಲೇ ಕೇಳಿ.

ಮನೆಯ ಕಂಪ್ಯೂಟರಿನಲ್ಲಿ

ಕಂಪ್ಯೂಟರಿನಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ತರಗತಿ ಕಾಣುತ್ತದೆ, ಪಾಠದ ಫೈಲು ಒತ್ತಿದರೆ ಮಾತ್ರ `You need access` ಎಂಬ ಪುಟ. ಅಲ್ಲಿ `Request access` ಎಂಬ ಗುಂಡಿಯೂ ಇರುತ್ತದೆ. ಒತ್ತಬೇಡಿ. ಒತ್ತಿದರೆ ನಿಮ್ಮ ಜಿಮೇಲ್‌ನಿಂದ ಶಿಕ್ಷಕರಿಗೆ ಒಂದು ಮನವಿ ಹೋಗುತ್ತದೆ. ಅವರಿಗೆ ಅದು ಯಾರೆಂದು ಗೊತ್ತಾಗುವುದಿಲ್ಲ.

ಕಾರಣ ಇದು. ಒಂದೇ ಬ್ರೌಸರಿನಲ್ಲಿ ಎರಡು ಗೂಗಲ್ ಖಾತೆ ತೆರೆದಿದ್ದರೆ, ಮೊದಲು ಲಾಗಿನ್ ಆದದ್ದನ್ನೇ ಬ್ರೌಸರ್ ಮುಖ್ಯ ಖಾತೆ ಎಂದುಕೊಳ್ಳುತ್ತದೆ. ಮೇಲಿನ ವಿಳಾಸದ ಪಟ್ಟಿಯಲ್ಲಿ ಇದರ ಗುರುತು ಕಾಣಬಹುದು:

```
classroom.google.com/u/0/
classroom.google.com/u/1/
```

ಇಲ್ಲಿ 0 ಎಂದರೆ ಮೊದಲ ಖಾತೆ, 1 ಎಂದರೆ ಎರಡನೆಯದು. ಅಪ್ಪನ ಜಿಮೇಲ್ ಮೊದಲು ತೆರೆದಿತ್ತು, ಮಗುವಿನದು ಆಮೇಲೆ ಸೇರಿತು ಎಂದುಕೊಳ್ಳಿ. ಆಗ ಮಗುವಿನ ತರಗತಿ `/u/1/` ನಲ್ಲಿ ಇರುತ್ತದೆ. ಮೆಸೇಜಿನಲ್ಲಿ ಬಂದ ಲಿಂಕೋ ಹಳೆಯ ಬುಕ್‌ಮಾರ್ಕೋ ಅಪ್ಪನ ಖಾತೆಯಲ್ಲಿ ತೆರೆದುಕೊಳ್ಳುತ್ತದೆ.

ಪ್ರತಿ ಸಲ ಖಾತೆ ಬದಲಿಸುತ್ತಾ ಕೂರುವುದಕ್ಕಿಂತ, ಕ್ರೋಮ್‌ನಲ್ಲಿ ಮಗುವಿಗೆ ಬೇರೆಯೇ ಪ್ರೊಫೈಲ್ ಮಾಡಿಕೊಡಿ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಕ್ರೋಮ್ ಕಿಟಕಿಯ ಬಲಗಡೆ ಮೇಲೆ, ಮೂರು ಚುಕ್ಕಿಯ ಪಕ್ಕದಲ್ಲಿರುವ ಪ್ರೊಫೈಲ್ ಚಿತ್ರ ಒತ್ತಿದರೆ ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಇದೆ. ಹೊಸ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಮಗುವಿನ ಶಾಲಾ ಖಾತೆ ಒಂದೇ ಇರಲಿ. ಗುರುತು ಸಿಗಲು ಬೇರೆ ಬಣ್ಣ ಕೊಡಿ. ಮಗು ಆ ಬಣ್ಣದ ಕಿಟಕಿಯಲ್ಲಿ ಓದುತ್ತದೆ, ನೀವು ನಿಮ್ಮದರಲ್ಲಿ ಕೆಲಸ ಮಾಡುತ್ತೀರಿ. ಎರಡೂ ಬೆರೆಯುವುದಿಲ್ಲ.

ಹೊಸ ಪ್ರೊಫೈಲ್ ಮಾಡುವಾಗ ಈ ಪ್ರೊಫೈಲನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ ಎಂಬ ಅರ್ಥದ ಎಚ್ಚರಿಕೆ ಬರಬಹುದು. ಆ ಸಂಸ್ಥೆ ಎಂದರೆ ಶಾಲೆ. ಅದು ಮಗುವಿನ ಪ್ರೊಫೈಲಿಗೆ ಸೇರಿದ ಮಾತು, ಹಾಗಾಗಿ ಒಪ್ಪಬಹುದು. ಇದೇ ಎಚ್ಚರಿಕೆ ನಿಮ್ಮ ಸ್ವಂತ ಪ್ರೊಫೈಲಿನಲ್ಲಿ ಬಂದರೆ ಒಪ್ಪಬೇಡಿ. ನಿಮ್ಮ ಬ್ಯಾಂಕು, ಕಚೇರಿ ಕೆಲಸ ಎಲ್ಲ ಅಲ್ಲಿರುತ್ತದೆ. ಅದನ್ನು ಮಗುವಿನ ಶಾಲಾ ಖಾತೆಗೆ ಗಂಟು ಹಾಕುವುದು ಬೇಡ.

ಯಾವಾಗ ನಿಲ್ಲಿಸಿ ನಮಗೆ ಹೇಳಬೇಕು

ವಿಳಾಸ ನೋಡಿದ್ದೀರಿ, ಪಾಸ್‌ವರ್ಡನ್ನು ಕಾಣುವಂತೆ ಬರೆದಿದ್ದೀರಿ, ಆದರೂ ಮೂರು ಸಲ ಆಗಲಿಲ್ಲ. ಅಲ್ಲಿಗೆ ನಿಲ್ಲಿಸಿಬಿಡಿ. ಮತ್ತೆ ಮತ್ತೆ ಒತ್ತಿದರೆ ಯಾರೋ ಕದಿಯಲು ನೋಡುತ್ತಿದ್ದಾರೆ ಎಂದು ಗೂಗಲ್ ಅನುಮಾನಿಸುತ್ತದೆ. ಆಮೇಲೆ ಸರಿಯಾದ ಪಾಸ್‌ವರ್ಡನ್ನೂ ಸ್ವಲ್ಪ ಹೊತ್ತು ತೆಗೆದುಕೊಳ್ಳದಿರಬಹುದು. `Forgot password` ಒತ್ತಿದರೂ ಶಾಲಾ ಖಾತೆಗೆ ಹೆಚ್ಚಾಗಿ ‘ನಿಮ್ಮ ಆಡಳಿತಗಾರರನ್ನು ಕೇಳಿ’ ಎಂದೇ ಬರುತ್ತದೆ. ಆ ಆಡಳಿತಗಾರರು ಎಂದರೆ ನಾವೇ.

`Verify it's you` ಎಂಬ ಪುಟ ಬಂದರೆ ಮಾತ್ರ ಸ್ವಲ್ಪ ಹೊಂದಾಣಿಕೆ ಬೇಕು. ಹೊಸ ಫೋನು, ಹೊಸ ಜಾಗ ಎಂದು ಗೂಗಲ್ ಇನ್ನೊಂದು ಪುರಾವೆ ಕೇಳುತ್ತಿದೆ ಎಂದು ಅರ್ಥ. ನಮ್ಮ ಕಡೆಯಿಂದ ಆ ಪ್ರಶ್ನೆಯನ್ನು 10 ನಿಮಿಷದ ಮಟ್ಟಿಗೆ ನಿಲ್ಲಿಸಬಹುದು. ಅಷ್ಟರೊಳಗೆ ನೀವು ಲಾಗಿನ್ ಆಗಬೇಕು. ಹಾಗಾಗಿ ‘ಬಿಡುವಾದಾಗ ಮಾಡಿಬಿಡಿ’ ಎಂದು ಸಂದೇಶ ಕಳಿಸಿದರೆ ಪ್ರಯೋಜನವಿಲ್ಲ. ಚೀಟಿ, ಫೋನು ಎರಡನ್ನೂ ಮುಂದಿಟ್ಟುಕೊಂಡು ಶಾಲೆಗೆ ಕರೆ ಮಾಡಿ. ನಾವು ಇಲ್ಲಿ ನಿಲ್ಲಿಸಿ ಹೇಳುತ್ತೇವೆ, ನೀವು ಅಲ್ಲಿ ಕೂಡಲೇ ಒಳಗೆ ಹೋಗಿ.

ಉಳಿದ ತೊಂದರೆಗಳಿಗೆ ಪರದೆಯ ಸ್ಕ್ರೀನ್‌ಶಾಟ್ ಕಳಿಸಿ. ತಪ್ಪಿನ ಸಾಲು ಪೂರ್ತಿ ಕಾಣಬೇಕು, ಮೇಲಿನ ಖಾತೆಯ ವಿಳಾಸವೂ ಕಾಣಬೇಕು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಎಂದು ಒಂದು ಮಾತು ಬರೆಯಿರಿ. ‘ಆಗ್ತಿಲ್ಲ’ ಎಂದಷ್ಟೇ ಬರೆದರೆ ನಾವು ಮತ್ತೆ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ, ಮಗುವಿನ ಒಂದು ದಿನ ಹೋಗುತ್ತದೆ. ಪಾಸ್‌ವರ್ಡ್ ಮಾತ್ರ ಕಳಿಸಬೇಡಿ. ನಮಗೆ ಅದು ಬೇಕಾಗುವುದೇ ಇಲ್ಲ, ಹಳೆಯದು ಗೊತ್ತಿಲ್ಲದೆಯೇ ಹೊಸದು ಕೊಡುತ್ತೇವೆ. ಶಾಲೆಯವರು ಎಂದು ಹೇಳಿಕೊಂಡು ಯಾರಾದರೂ ಪಾಸ್‌ವರ್ಡೋ ಫೋನಿಗೆ ಬಂದ ಒಟಿಪಿಯೋ ಕೇಳಿದರೆ ಫೋನ್ ಇಟ್ಟುಬಿಡಿ.

ನಾವು ಪಾಸ್‌ವರ್ಡ್ ಬದಲಿಸಿ ಕೊಟ್ಟ ಮೇಲೆ, ಮಗುವಿನ ಖಾತೆ ಇದ್ದ ಉಳಿದ ಫೋನು, ಕಂಪ್ಯೂಟರ್‌ಗಳಲ್ಲೂ ಮತ್ತೆ ಲಾಗಿನ್ ಕೇಳುತ್ತದೆ. ಅಲ್ಲಿ ಬ್ರೌಸರ್ ತಾನಾಗಿ ತುಂಬುವುದು ಹಳೆಯ ಪಾಸ್‌ವರ್ಡನ್ನೇ. ಅದನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯಿರಿ. ಉಳಿಸಲೇ ಎಂದು ಬ್ರೌಸರ್ ಕೇಳಿದಾಗ ಹೊಸದನ್ನು ಉಳಿಸಿ. ಅಜ್ಜಿ ಮನೆಯಲ್ಲಿರುವ ಟ್ಯಾಬ್ಲೆಟ್‌ನಲ್ಲೂ ಮಗು ಓದುತ್ತದೆ ಎಂದಾದರೆ, ಅಲ್ಲಿಗೆ ಹೋಗುವ ದಿನ ಚೀಟಿಯನ್ನು ಮಗುವಿನ ಬ್ಯಾಗಿನಲ್ಲಿ ಹಾಕಿ ಕಳಿಸಿ.